ಫೈಲಿನಿಂದ ಮಾಯವಾದ ಸಾಲು

ಶಿವಮೊಗ್ಗದ ಒಬ್ಬ ಹೆಣ್ಣುಮಗಳು ಸೋಮವಾರ ರಾತ್ರಿ ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಮೂರು ಕುರ್ತಾ ಆರ್ಡರ್ ಮಾಡಿದ್ದರು. ಮೂರೂ ಒಂದೇ ಮರೂನ್ ಬಣ್ಣ, ಒಂದೇ ಅಚ್ಚು. ಸೈಜ್ ಮಾತ್ರ ಬೇರೆ: ಎಂ, ಎಲ್, ಎಕ್ಸ್‌ಎಲ್. ಭಾನುವಾರ ತಂಗಿಯ ಮಗುವಿನ ನಾಮಕರಣ, ಅಕ್ಕತಂಗಿಯರು ಮೂವರೂ ಒಂದೇ ಬಗೆಯದು ಉಡಬೇಕೆಂಬ ಆಸೆ. ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಜೈಪುರದ ಸಪ್ಲೈಯರ್‌ನಿಂದ ವಾಟ್ಸಾಪ್ ಬಂತು: ಎಲ್ ಸೈಜ್ ಇಲ್ಲ, ಉಳಿದೆರಡು ಕಳಿಸಲೇ? ನನ್ನ ವಾರಗಿತ್ತಿ ಶಿವಮೊಗ್ಗಕ್ಕೆ ಫೋನ್ ಮಾಡಿ ವಿಷಯ ಹೇಳಿದಳು. ಆಕೆ ಸಿಟ್ಟಾಗಲಿಲ್ಲ. "ಅಕ್ಕಾ, ಎರಡು ತಗೊಂಡು ನಾನೇನು ಮಾಡ್ಲಿ? ಇಲ್ಲ ಅಂದ್ರೆ ಇಲ್ಲ ಅಂತ ಮೊದಲೇ ತೋರಿಸಬಹುದಿತ್ತಲ್ಲ" ಎಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಎಲ್ ಸೈಜ್ ಎರಡು ಪೀಸ್ ಇದೆ ಎಂದು ನಮ್ಮ ಅಂಗಡಿ ಆ ಹೊತ್ತಿನಲ್ಲೂ ತೋರಿಸುತ್ತಲೇ ಇತ್ತು.

ನಾವಿಬ್ಬರೂ ದಾವಣಗೆರೆಯ ಮನೆಯಿಂದಲೇ ಈ ವ್ಯಾಪಾರ ನಡೆಸುತ್ತೇವೆ. ನಮ್ಮಲ್ಲಿ ಗೋದಾಮಿಲ್ಲ, ಬಟ್ಟೆಯ ಗಂಟೂ ಇಲ್ಲ. ಗಿರಾಕಿ ನಮ್ಮ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟುತ್ತಾರೆ, ಆರ್ಡರ್ ಜೈಪುರಕ್ಕೆ ಹೋಗುತ್ತದೆ, ಅಲ್ಲಿನವರು ನಮ್ಮ ಅಂಗಡಿಯ ಹೆಸರಿನ ಚೀಟಿ ಅಂಟಿಸಿ ನೇರ ಗಿರಾಕಿಯ ಮನೆಗೆ ಕಳಿಸುತ್ತಾರೆ. ಇದಕ್ಕೆ ಡ್ರಾಪ್‌ಶಿಪ್ಪಿಂಗ್ ಎನ್ನುತ್ತಾರೆ. ಬಂಡವಾಳ ಕಡಿಮೆ ಸಾಕು, ನಿಜ. ಆದರೆ ಮಾಲು ನಮ್ಮ ಕಣ್ಣ ಮುಂದೆ ಇಲ್ಲ. ಕಪಾಟಿನಲ್ಲಿ ಎಷ್ಟಿದೆ ಎಂದು ತಿರುಗಿ ನೋಡಲು ಬರುವುದಿಲ್ಲ. ಸಪ್ಲೈಯರ್ ಕೊಡುವ ಒಂದು ಪಟ್ಟಿಯೇ ನಮ್ಮ ಕಪಾಟು.

ಆ ಪಟ್ಟಿ ಸಿಎಸ್‌ವಿ ಎಂಬ ಸರಳ ಫೈಲು. ಪ್ರತಿ ಸಾಲಿನಲ್ಲಿ ಒಂದು ಮಾಲಿನ ಗುರುತಿನ ಸಂಕೇತ, ಅಂದರೆ ಎಸ್‌ಕೆಯು. ಅದರ ಪಕ್ಕದಲ್ಲಿ ಎಷ್ಟು ಪೀಸ್ ಇದೆ ಎಂಬ ಸಂಖ್ಯೆ. ಒಂದೇ ಕುರ್ತಾ ಆದರೂ ಸೈಜಿಗೊಂದು ಎಸ್‌ಕೆಯು, ಸೈಜಿಗೊಂದು ಸಾಲು. ಸಪ್ಲೈಯರ್ ಅದನ್ನು ಒಂದು ವೆಬ್ ವಿಳಾಸದಲ್ಲಿ ಇಡುತ್ತಾರೆ, ನಮ್ಮ ಅಂಗಡಿಗೆ ಜೋಡಿಸಿದ ಸಿಂಕ್ ಆ್ಯಪ್ ಗಂಟೆಗೊಮ್ಮೆ ಅದನ್ನು ಎಳೆದುಕೊಂಡು ನಮ್ಮ ಸಂಖ್ಯೆಗಳನ್ನು ತಿದ್ದುತ್ತದೆ.

ಇಂಥ ಕ್ಯಾನ್ಸಲ್ ಅದೇ ಮೊದಲಲ್ಲ. ಪ್ರತಿ ಸಲವೂ ನಾವು ಸಪ್ಲೈಯರ್ ಕಡೆಯ ಮ್ಯಾನೇಜರ್‌ಗೆ ಮೆಸೇಜ್ ಹಾಕುತ್ತಿದ್ದೆವು: ಮತ್ತೆ ಸ್ಟಾಕ್ ತಪ್ಪು ತೋರಿಸಿದೆ, ಸರಿ ಮಾಡಿ. ಅವರು ಪ್ರತಿ ಸಲವೂ ಸಾರಿ ಹೇಳಿ, ಇನ್ನು ಹಾಗಾಗುವುದಿಲ್ಲ ಎನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಮೋಸವಿತ್ತೆಂದು ನಾನು ಇಂದಿಗೂ ನಂಬುವುದಿಲ್ಲ. ಸ್ಟಾಕ್ ತಪ್ಪು ಎಂಬ ದೂರಿನಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಯಾವ ಸಾಲು, ಯಾವ ಹೊತ್ತು, ಏನು ತೋರಿಸಿತು ಎಂದು ಹೇಳದಿದ್ದರೆ ಆ ಕಡೆಯವರು ಆ ಒಂದು ಆರ್ಡರ್‌ಗೆ ಕ್ಷಮೆ ಕೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು.

ಶಿವಮೊಗ್ಗದ ಆರ್ಡರ್ ಆದ ದಿನ ನಾನು ಮೊದಲ ಸಲ ನಮ್ಮ ಅಂಗಡಿಯ ಒಳಪುಟದಲ್ಲಿ ಆ ಕುರ್ತಾದ ಸ್ಟಾಕ್ ಹಿಸ್ಟರಿ ತೆಗೆದು ನೋಡಿದೆ. ಎಂ ಸೈಜಿನ ಸಂಖ್ಯೆ ಎರಡು ದಿನದ ಹಿಂದೆ ಬದಲಾಗಿತ್ತು, ಎಕ್ಸ್‌ಎಲ್ ಹಿಂದಿನ ದಿನ. ಎಲ್ ಮಾತ್ರ ಹನ್ನೆರಡು ದಿನದಿಂದ ಅಲುಗಾಡಿರಲಿಲ್ಲ. ಓಡುವ ಮಾಲಿನ ನಡುವಿನ ಸೈಜು ಹನ್ನೆರಡು ದಿನ ಎರಡಕ್ಕೇ ನಿಲ್ಲುವುದೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಡೌನ್‌ಲೋಡ್ ಫೋಲ್ಡರಿನಲ್ಲಿ ಎರಡು ವಾರದ ಹಿಂದಿನ ಒಂದು ಫೈಲು ಅದೃಷ್ಟಕ್ಕೆ ಉಳಿದಿತ್ತು. ಅದರಲ್ಲಿ ಹೀಗಿತ್ತು:

```
sku,qty
JK-2107-MRN-M,6
JK-2107-MRN-L,2
JK-2107-MRN-XL,4
```

ಆ ದಿನದ ಫೈಲಿನಲ್ಲಿ ಹೀಗೆ:

```
sku,qty
JK-2107-MRN-M,3
JK-2107-MRN-XL,1
```

ಎಲ್ ಸೈಜಿನ ಮುಂದೆ ಸೊನ್ನೆ ಬಂದಿರಲಿಲ್ಲ. ಆ ಸಾಲೇ ಇರಲಿಲ್ಲ.

ನಮ್ಮ ಗೋಳಿನ ಬಹುಪಾಲು ಈ ಚಿಕ್ಕ ವ್ಯತ್ಯಾಸದಲ್ಲಿತ್ತು. ಸಿಂಕ್ ಆ್ಯಪ್ ಫೈಲಿನಲ್ಲಿ ಕಂಡ ಸಾಲುಗಳನ್ನು ಓದಿ, ಆ ಎಸ್‌ಕೆಯುಗಳ ಸಂಖ್ಯೆಯನ್ನಷ್ಟೇ ತಿದ್ದುತ್ತದೆ. ಫೈಲಿನಲ್ಲಿ ಇಲ್ಲದ ಎಸ್‌ಕೆಯು ಬಗ್ಗೆ ಅದಕ್ಕೆ ಯಾರೂ ಏನೂ ಹೇಳಿಲ್ಲ, ಹಾಗಾಗಿ ಅದು ಏನೂ ಮಾಡುವುದಿಲ್ಲ. ಕೊನೆಯ ಸಲ ಎರಡು ಎಂದಿದ್ದರೆ ಎರಡೇ ಉಳಿಯುತ್ತದೆ, ಎಂಟು ಎಂದಿದ್ದರೆ ಎಂಟು. ಜೈಪುರದವರ ಲೆಕ್ಕದಲ್ಲಿ ಸಾಲು ಇಲ್ಲವೆಂದರೆ ಮಾಲು ಇಲ್ಲ. ನಮ್ಮ ಆ್ಯಪಿನ ಲೆಕ್ಕದಲ್ಲಿ ಸಾಲು ಇಲ್ಲವೆಂದರೆ ಹೊಸ ಸುದ್ದಿ ಇಲ್ಲ. ಎರಡೂ ಕಡೆಯವರು ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದಿದ್ದರು. ಇಷ್ಟಾದರೂ ಆ್ಯಪಿನ ಪುಟದಲ್ಲಿ ಹಸಿರು ಗುರುತು, ಹತ್ತು ನಿಮಿಷದ ಹಿಂದೆ ಸಿಂಕ್ ಆಗಿದೆ ಎಂಬ ಸಾಲು. ಆ ಹೊತ್ತು ನಾವು ಫೈಲು ಎಳೆದುಕೊಂಡ ಹೊತ್ತು, ಅವರು ಮಾಲು ಲೆಕ್ಕ ಹಾಕಿದ ಹೊತ್ತಲ್ಲ. ಹೊಸಬರು ಇಲ್ಲಿ ಎಡವುವುದು ಖಂಡಿತ. ನಾವೂ ಎಂಟು ತಿಂಗಳು ಆ ಹಸಿರು ಗುರುತನ್ನು ನಂಬಿ ಕೂತಿದ್ದೆವು.

ಆ ಸಂಜೆಯೇ ಸಿಟ್ಟಿನಲ್ಲಿ ಒಂದು ಮೇಲ್ ಬರೆದೆ. ಅದು ಕೆಟ್ಟಿತು. ಅದರಲ್ಲಿ ಬೇರೊಂದು ಆರ್ಡರನ್ನೂ ಸೇರಿಸಿ, ನಿಮ್ಮ 12.30ರ ಫೈಲಿನಲ್ಲಿ ಎರಡು ಪೀಸ್ ಇತ್ತು, ನಮ್ಮ ಆರ್ಡರ್ ಬಂದದ್ದು ಸಂಜೆ 4.05ಕ್ಕೆ ಎಂದು ಬರೆದಿದ್ದೆ. ಫೈಲಿನ ಮೇಲಿದ್ದ 12.30 ಸರ್ವರ್‌ನ ಯುಟಿಸಿ ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿದರೆ ಅದು ಸಂಜೆ ಆರು. ಅಂದರೆ ನಾನು ಸಾಕ್ಷಿಯೆಂದು ತೋರಿಸಿದ ಫೈಲು ಆರ್ಡರ್ ಬಂದ ಮೇಲೆ ಹುಟ್ಟಿದ್ದು. ಅವರು ಅದೊಂದನ್ನೇ ಎತ್ತಿ ತೋರಿಸಿದರು, ಉಳಿದದ್ದೆಲ್ಲ ಬಿದ್ದುಹೋಯಿತು. ಒಂದು ಸಮಯ ತಪ್ಪಿದರೆ ದೂರೇ ತಪ್ಪಾಗಿ ಕಾಣುತ್ತದೆ ಎಂದು ಆವತ್ತು ಗೊತ್ತಾಯಿತು.

ಹಾಗಾಗಿ ಒಂದು ತಿಂಗಳು ದೂರು ನಿಲ್ಲಿಸಿ ಲೆಕ್ಕ ಇಟ್ಟೆವು. ಸಪ್ಲೈಯರ್‌ನ ವಿಳಾಸದಲ್ಲಿ ಹಳೆಯ ಫೈಲಿನ ಮೇಲೇ ಹೊಸದು ಬಂದು ಕೂರುತ್ತದೆ, ಹಿಂದಿನದು ಅಳಿಸಿಹೋಗುತ್ತದೆ. ಆದ್ದರಿಂದ ಬಂದ ಪ್ರತಿ ಫೈಲಿನ ಒಂದು ಪ್ರತಿಯನ್ನು ದಿನಾಂಕ, ಸಮಯದ ಹೆಸರು ಕೊಟ್ಟು ಬೇರೆ ಫೋಲ್ಡರಿನಲ್ಲಿ ಉಳಿಸಿದೆವು. ಇದನ್ನು ಮಾಡದಿದ್ದರೆ ಕೈಯಲ್ಲಿ ಸಾಕ್ಷಿಯೇ ಇರುವುದಿಲ್ಲ. ಜೊತೆಗೆ ಒಂದು ಶೀಟು: ಆರ್ಡರ್ ನಂಬರ್, ಎಸ್‌ಕೆಯು, ಆರ್ಡರ್ ಬಂದ ಸಮಯ, ಅದಕ್ಕೆ ಮುಂಚಿನ ಫೈಲಿನ ಸಮಯ, ಆ ಫೈಲಿನಲ್ಲಿದ್ದ ಸಂಖ್ಯೆ, ಮಾಲು ಇಲ್ಲವೆಂದು ಅವರು ಹೇಳಿದ ಸಮಯ. ಎಲ್ಲ ಸಮಯವೂ ಭಾರತದ ಸಮಯದಲ್ಲಿ.

ಆ ತಿಂಗಳು 240 ಆರ್ಡರ್ ಬಂದವು, ಮಾಲಿಲ್ಲದೆ ಕ್ಯಾನ್ಸಲ್ ಆದದ್ದು 19. ಅಲ್ಲಿಯವರೆಗೆ ಎಲ್ಲವೂ ಒಂದೇ ರೋಗ ಎಂದುಕೊಂಡಿದ್ದೆವು. ಶೀಟು ನೋಡಿದರೆ ನಾಲ್ಕು ಬೇರೆ ಬೇರೆ ಕಾರಣ. ಹನ್ನೊಂದು ಆರ್ಡರ್‌ಗಳಲ್ಲಿ ಮುಂಚಿನ ಫೈಲಿನಲ್ಲಿ ಸಾಲೇ ಇರಲಿಲ್ಲ. ಐದರಲ್ಲಿ ಸಾಲು ಇತ್ತು, ಒಂದೋ ಎರಡೋ ಪೀಸ್ ಎಂದೂ ಇತ್ತು, ಆದರೆ ಎರಡು ಫೈಲುಗಳ ನಡುವಿನ ಹೊತ್ತಿನಲ್ಲಿ ಬೇರೆಯವರು ಕೊಂಡಿದ್ದರು. ಜೈಪುರದವರು ಫೈಲು ಮಾಡುತ್ತಿದ್ದದ್ದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ. ನಮ್ಮ ಆ್ಯಪ್ ಗಂಟೆಗೊಮ್ಮೆ ಹೋಗಿ ಅದೇ ಹಳೆಯ ಫೈಲನ್ನು ಮತ್ತೆ ಮತ್ತೆ ತರುತ್ತಿತ್ತು. ಎರಡು ಆರ್ಡರ್‌ಗಳಲ್ಲಿ ಅವರ ಲೆಕ್ಕದ ಪ್ರಕಾರ ಮಾಲು ಇತ್ತು, ಗೋದಾಮಿನಲ್ಲಿ ಹುಡುಕಿದರೆ ಸಿಗಲಿಲ್ಲ. ಇನ್ನೊಂದು ನಮ್ಮದೇ ತಪ್ಪು. ಯಾವುದೋ ಮುಂಗಡ ಬುಕಿಂಗ್‌ಗೆಂದು ನಾನು `Continue selling when out of stock` ಎಂಬ ಆಯ್ಕೆಗೆ ಟಿಕ್ ಹಾಕಿ ತೆಗೆಯಲು ಮರೆತಿದ್ದೆ. ಆ ಟಿಕ್ ಇದ್ದರೆ ಸ್ಟಾಕ್ ಸೊನ್ನೆಯಾದರೂ ಅಂಗಡಿ ಮಾರುತ್ತಲೇ ಇರುತ್ತದೆ.

ಆ ಒಂದನ್ನು ಮುಚ್ಚಿಡದೆ ಪತ್ರದಲ್ಲಿ ಮೊದಲೇ ಬರೆದೆವು. ವಾರಗಿತ್ತಿಗೆ ಅದು ಇಷ್ಟವಿರಲಿಲ್ಲ, ನಮ್ಮ ತಪ್ಪು ನಾವೇ ಏಕೆ ಹೇಳಬೇಕು ಎಂದಳು. ನಾನು ಪಟ್ಟು ಬಿಡಲಿಲ್ಲ. ಹಿಂದಿನ ಸಲ ಅವರು ಒಂದು ತಪ್ಪು ಹಿಡಿದು ಇಡೀ ದೂರನ್ನು ಪಕ್ಕಕ್ಕಿಟ್ಟಿದ್ದರು. ಈ ಸಲ ಹಿಡಿಯಲು ಏನೂ ಉಳಿಯಬಾರದಿತ್ತು.

ಪತ್ರ ಒಂದು ಪುಟ ಮೀರಲಿಲ್ಲ. ಸರಳ ಇಂಗ್ಲಿಷಿನಲ್ಲಿ ಕಳಿಸಿದ್ದು, ಅದರ ಸಾರ ಕನ್ನಡದಲ್ಲಿ ಹೀಗಿದೆ:

"ಈ ತಿಂಗಳು ಮಾಲಿಲ್ಲದೆ ಕ್ಯಾನ್ಸಲ್ ಆದ 19 ಆರ್ಡರ್‌ಗಳ ಪಟ್ಟಿ ಇದರ ಜೊತೆಗಿದೆ. ಅದರಲ್ಲಿ ಒಂದು ನಮ್ಮ ತಪ್ಪು, ಸರಿಪಡಿಸಿಕೊಂಡಿದ್ದೇವೆ. ಉಳಿದ 18ರಲ್ಲಿ 11ಕ್ಕೆ ಕಾರಣ ಒಂದೇ: ಸ್ಟಾಕ್ ಮುಗಿದ ಕೂಡಲೇ ಆ ಎಸ್‌ಕೆಯು ನಿಮ್ಮ ಫೈಲಿನಿಂದ ಕಾಣೆಯಾಗುತ್ತದೆ, ಸೊನ್ನೆ ಬರುವುದಿಲ್ಲ. ಉದಾಹರಣೆಗೆ ಎರಡು ಫೈಲು ಕಳಿಸುತ್ತಿದ್ದೇವೆ, ಮರೂನ್ ಎಲ್ ಸೈಜಿನ ಸಾಲು ನೋಡಿ. ನಮ್ಮ ಕೋರಿಕೆ ಇಷ್ಟು. ಸ್ಟಾಕ್ ಮುಗಿದರೆ ಸಾಲು ಹಾಗೇ ಇದ್ದು ಸಂಖ್ಯೆ ಸೊನ್ನೆ ಆಗಲಿ. ಒಂದು ಮಾಲನ್ನೇ ನಿಲ್ಲಿಸಿದರೂ 30 ದಿನ ಸೊನ್ನೆಯೊಂದಿಗೆ ಫೈಲಿನಲ್ಲಿರಲಿ. ಫೈಲು ತಯಾರಿಸುವವರ ಜೊತೆ ಹತ್ತು ನಿಮಿಷ ಮಾತಾಡಲು ಅವಕಾಶ ಮಾಡಿಕೊಡಿ."

ಫೈಲುಗಳ ನಡುವಿನ ಅಂತರ, ಗೋದಾಮಿನಲ್ಲಿ ಸಿಗದ ಮಾಲು, ಇವೆರಡನ್ನೂ ಕೆಳಗೆ ಒಂದೊಂದು ಸಾಲಿನಲ್ಲಿ ಬರೆದು, ಅದರ ಬಗ್ಗೆ ಆಮೇಲೆ ಮಾತಾಡೋಣ ಎಂದೆವು. ಮೂರನ್ನೂ ಒಟ್ಟಿಗೆ ಕೇಳಿದ್ದರೆ ಅವರು ತಮಗೆ ಸುಲಭವಾದದ್ದನ್ನು ಮಾಡಿ ಮುಗಿಸುತ್ತಿದ್ದರು. ಸುಲಭವಾದದ್ದು ಕ್ಷಮೆ.

ಪತ್ರದ ಕೊನೆಯ ಕೋರಿಕೆಯೇ ಹೆಚ್ಚು ಕೆಲಸಕ್ಕೆ ಬಂತು ಎಂಬುದು ನನ್ನ ಅನುಭವ. ಮ್ಯಾನೇಜರ್ ಫೋನಿನಲ್ಲಿ, ಅದು ಸಿಸ್ಟಮ್ ಮಾಡುವ ಕೆಲಸ ಮೇಡಂ, ನಮ್ಮ ಕೈಯಲ್ಲಿಲ್ಲ ಎಂದರು. ನಾವು ಬಿಡದೆ ಕೇಳಿದ ಮೇಲೆ ಬಿಲ್ಲಿಂಗ್ ಟೇಬಲ್ಲಿನ ಹುಡುಗನಿಗೆ ಫೋನ್ ಕೊಟ್ಟರು. ಆತ ಎರಡು ಫೈಲನ್ನೂ ಅಕ್ಕಪಕ್ಕ ತೆರೆದು ನೋಡಿದ. ಬೇರೊಬ್ಬ ಅಂಗಡಿಯವರು ಫೈಲು ತುಂಬ ದೊಡ್ಡದಾಯಿತು, ತೆರೆಯಲು ಹೊತ್ತಾಗುತ್ತದೆ ಎಂದದ್ದಕ್ಕೆ, ಸ್ಟಾಕ್ ಇಲ್ಲದ ಮಾಲನ್ನು ಪಟ್ಟಿಯಲ್ಲಿ ತೋರಿಸಬೇಡ ಎಂಬ ಫಿಲ್ಟರಿಗೆ ತಾನೇ ಟಿಕ್ ಹಾಕಿದ್ದಾಗಿ ಹೇಳಿದ. ಯಾರಿಗೋ ಉಪಕಾರ ಮಾಡಲು ಹೋಗಿ ನಮಗೆ ಹೀಗಾಗಿತ್ತು. ಆತ ಅಲ್ಲೇ ಟಿಕ್ ತೆಗೆದ.

ಸರಿಯಾಯಿತು ಎಂಬ ಮಾತಿಗೆ ನಾವು ಅಲ್ಲಿಗೇ ಬಿಡಲಿಲ್ಲ. ಆ ಹೊತ್ತಿಗೆ ಖಾಲಿಯಾಗಿವೆ ಎಂದು ಇಬ್ಬರಿಗೂ ಗೊತ್ತಿದ್ದ ಮೂರು ಎಸ್‌ಕೆಯು ಆರಿಸಿಕೊಂಡು, ಸಂಜೆಯ ಫೈಲಿನಲ್ಲಿ ಅವು ಸೊನ್ನೆಯೊಂದಿಗೆ ಬರಬೇಕು ಎಂದು ಮಾತಾಡಿಕೊಂಡೆವು. ಎರಡು ಬಂದವು, ಒಂದು ಬರಲಿಲ್ಲ. ಬಾರದಿದ್ದುದು ಅವರು ನಿಲ್ಲಿಸಿಯೇಬಿಟ್ಟ ಮಾಲು, ಅದಕ್ಕೆ ಇನ್ನೊಂದು ಕಡೆ ಬೇರೆ ಫಿಲ್ಟರ್ ಇತ್ತು. ಮಾರನೆಯ ದಿನ ಅದೂ ಸರಿಯಾಯಿತು. ಪರೀಕ್ಷೆ ಮಾಡದಿದ್ದರೆ ಅದು ಇನ್ನೊಬ್ಬ ಗಿರಾಕಿಯ ಆರ್ಡರಿನಲ್ಲೇ ಗೊತ್ತಾಗುತ್ತಿತ್ತು.

ಇನ್ನು ಆ ಐದು ಆರ್ಡರ್‌ಗಳ ಬಾಬತ್ತು. ಒಂದೇ ಗೋದಾಮಿನ ಎರಡು ಪೀಸನ್ನು ನಮ್ಮಂಥ ಹತ್ತಾರು ಅಂಗಡಿಗಳು ಒಟ್ಟಿಗೇ ತೋರಿಸುತ್ತಿರುತ್ತವೆ. ಯಾರಿಗೆ ಮೊದಲು ಆರ್ಡರ್ ಬಂತೋ ಅವರಿಗೆ ಮಾಲು. ನಾಲ್ಕು ಸಲ ಫೈಲು ಮಾಡಿ ಎಂದು ಕೇಳಿದೆವು, ಮಧ್ಯಾಹ್ನ ಒಂದಕ್ಕೆ ಇನ್ನೊಂದು ಮಾಡಲು ಒಪ್ಪಿದರು. ಉಳಿದದ್ದನ್ನು ನಾವೇ ನೋಡಿಕೊಳ್ಳಬೇಕಿತ್ತು. ಫೈಲಿನಲ್ಲಿ ಬಂದ ಸಂಖ್ಯೆಯಿಂದ ಎರಡು ಕಳೆದು ಅಂಗಡಿಯಲ್ಲಿ ತೋರಿಸುವಂತೆ ಆ್ಯಪಿನಲ್ಲಿ ಹೊಂದಿಸಿದೆವು. ಇದಕ್ಕೆ ಬಫರ್ ಎನ್ನುತ್ತಾರೆ. ಅವರಲ್ಲಿ ಎರಡಿದ್ದರೆ ನಮ್ಮಲ್ಲಿ ಖಾಲಿ. ಕೊನೆಯ ಎರಡು ಪೀಸಿನ ವ್ಯಾಪಾರ ಕೈಬಿಟ್ಟಂತೆ, ಅದು ನಷ್ಟವೇ. ಓಡದ ಮಾಲಿಗೆ ಇಷ್ಟು ಬಫರ್ ಬೇಕಿಲ್ಲ, ಹಬ್ಬದ ಮುಂಚೆ ಓಡುವ ಮಾಲಿಗೆ ಎರಡೂ ಸಾಲದು. ಇನ್ನೊಂದು ಮಾತು ಹೇಳಲೇಬೇಕು: ಸಾಲು ಮಾಯವಾಗುವ ರೋಗಕ್ಕೆ ಬಫರ್ ಮದ್ದಲ್ಲ. ಕೊನೆಯ ಸಂಖ್ಯೆ ಎಂಟು ಎಂದು ಹೆಪ್ಪುಗಟ್ಟಿದ್ದರೆ ಎರಡು ಕಳೆದರೂ ಆರು ಉಳಿಯುತ್ತದೆ. ಕ್ಯಾನ್ಸಲ್ ಹೆಚ್ಚಾದ ಕೂಡಲೇ ಬಫರ್ ಏರಿಸುವವರನ್ನು ನೋಡಿದ್ದೇನೆ. ಮೊದಲು ಕಾರಣ ಯಾವುದೆಂದು ಬೇರ್ಪಡಿಸಿಕೊಳ್ಳದೆ ಹಾಗೆ ಮಾಡಿದರೆ ವ್ಯಾಪಾರವೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ.

ದುಡ್ಡಿನ ಮಾತು ಕೊನೆಗೆ ತೆಗೆದೆವು. 1,150 ರೂಪಾಯಿಯ ಒಂದು ಕುರ್ತಾಕ್ಕೆ ಪೇಮೆಂಟ್ ಗೇಟ್‌ವೇ ನಮ್ಮಿಂದ ಹಿಡಿಯುವುದು ಶೇಕಡ 2, ಅಂದರೆ 23 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿ ಸುಮಾರು 27. ಗಿರಾಕಿಗೆ ಪೂರ್ತಿ 1,150 ಹಿಂತಿರುಗಿಸಿದರೂ ಆ 27 ನಮಗೆ ವಾಪಸ್ ಬರುವುದಿಲ್ಲ. ಫೈಲಿನಲ್ಲಿ ಮಾಲು ಇದೆ ಎಂದು ತೋರಿಸಿ ಆಮೇಲೆ ಇಲ್ಲ ಎಂದರೆ ಆ ಖರ್ಚನ್ನು ನಮ್ಮ ವ್ಯಾಲೆಟ್ಟಿಗೆ ಜಮಾ ಮಾಡಲು ಸಪ್ಲೈಯರ್ ಒಪ್ಪಿದರು. ಜಾಹೀರಾತಿಗೆ ಹಾಕಿದ ದುಡ್ಡನ್ನೂ ಕೇಳಿದೆವು, ಅದಕ್ಕೆ ಒಪ್ಪಲಿಲ್ಲ. ಮಾಲು ಇಲ್ಲದಿದ್ದರೆ ಆರ್ಡರ್ ಬಂದ ನಾಲ್ಕು ಗಂಟೆಯೊಳಗೆ ಹೇಳಬೇಕೆಂಬುದನ್ನು ಬರವಣಿಗೆಯಲ್ಲಿ ಕೊಟ್ಟರು. ನನಗೆ ಹಣಕ್ಕಿಂತ ಅದು ಮುಖ್ಯವಾಗಿತ್ತು. ನಾಮಕರಣ ಭಾನುವಾರ ಇದ್ದಾಗ ಸೋಮವಾರ ರಾತ್ರಿಯೇ ಗೊತ್ತಾದರೆ ಗಿರಾಕಿಗೆ ಬೇರೆ ಕಡೆ ನೋಡಲು ಇನ್ನೊಂದು ದಿನ ಸಿಗುತ್ತದೆ.

ಗಿರಾಕಿಯ ಮುಂದೆ ನಾವು ಸಪ್ಲೈಯರ್‌ನ ಕಡೆ ಬೆರಳು ತೋರಿಸುವ ಹಾಗಿಲ್ಲ. ದುಡ್ಡು ತೆಗೆದುಕೊಂಡವರು ನಾವು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬೇಸತ್ತ ಗಿರಾಕಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಹೇಳುವುದು ನಮ್ಮ ಅಂಗಡಿಯ ಹೆಸರು. ಜೈಪುರದ ಹೆಸರು ಅವರಿಗೆ ಗೊತ್ತೇ ಇರುವುದಿಲ್ಲ.

ಮುಂದಿನ ತಿಂಗಳು ಮಾಲಿಲ್ಲದ ಕ್ಯಾನ್ಸಲ್ ನಾಲ್ಕಕ್ಕೆ ಇಳಿಯಿತು. ಸಾಲು ಮಾಯವಾದದ್ದರಿಂದ ಒಂದೂ ಇರಲಿಲ್ಲ.

ಫೈಲಿನಲ್ಲಿ ಸಾಲು ಇಲ್ಲದಿದ್ದರೆ ನಮ್ಮ ಆ್ಯಪೇ ಅದನ್ನು ಸೊನ್ನೆ ಮಾಡಲಿ, ಜೈಪುರದವರನ್ನು ಕಾಡುವುದೇಕೆ ಎಂದು ಓದುಗರಿಗೆ ಅನಿಸಬಹುದು. ಅಂಥ ಆಯ್ಕೆ ಆ್ಯಪಿನಲ್ಲಿತ್ತು, ನಾವೂ ಹಾಕಿದೆವು. ಒಂದು ಬೆಳಿಗ್ಗೆ ಸಪ್ಲೈಯರ್ ಕಡೆ ಇಂಟರ್‌ನೆಟ್ ಕೈಕೊಟ್ಟು ಫೈಲು ಅರ್ಧಕ್ಕೇ ನಿಂತಿತ್ತು. ದಿನವೂ 1,840ರ ಆಸುಪಾಸಿನಲ್ಲಿರುವ ಸಾಲುಗಳು ಆವತ್ತು 214. ಉಳಿದ ಮಾಲೆಲ್ಲ ನಮ್ಮ ಅಂಗಡಿಯಲ್ಲಿ ಒಮ್ಮೆಲೇ ಖಾಲಿ ಎಂದಾಯಿತು, ಮೂರು ಗಂಟೆ ನಮಗೆ ಗೊತ್ತೇ ಆಗಲಿಲ್ಲ. ಈಗ ಆ ಆಯ್ಕೆಯ ಜೊತೆ ಒಂದು ಕಾವಲಿದೆ: ನಿನ್ನೆಗಿಂತ ಶೇಕಡ ಹತ್ತಕ್ಕಿಂತ ಹೆಚ್ಚು ಸಾಲು ಕಡಿಮೆಯಾದರೆ ಆ ಫೈಲನ್ನು ಮುಟ್ಟದೆ ನನಗೆ ಮೇಲ್ ಕಳಿಸಬೇಕು. ಆದರೆ ಹತ್ತರ ಒಳಗಿನ ಇಳಿತ ಈ ಕಾವಲಿಗೆ ಕಾಣುವುದಿಲ್ಲ. ಮೂವತ್ತು ಸಾಲು ತಪ್ಪಾಗಿ ಬಿಟ್ಟುಹೋದರೆ ಇರುವ ಮಾಲನ್ನೂ ಆ್ಯಪ್ ಖಾಲಿ ಮಾಡಿಬಿಡುತ್ತದೆ. ಹಾಗಾಗಿ ಫೈಲು ಹುಟ್ಟುವಲ್ಲಿಯೇ ಸರಿಯಿರುವುದು ಬೇಕೇ ಬೇಕು.

ಈ ತೊಂದರೆ ಮರುಕಳಿಸುವಂಥದ್ದು, ಅದನ್ನೂ ನೋಡಿದೆವು. ದೀಪಾವಳಿಯ ಮುಂಚೆ ಬಿಲ್ಲಿಂಗ್ ಟೇಬಲ್ಲಿನ ಆ ಹುಡುಗ ಕೆಲಸ ಬಿಟ್ಟ, ಹೊಸಬ ಬಂದ. ನಮ್ಮ ವಾರಗಿತ್ತಿ ಬೆಳಿಗ್ಗೆ ಕಾಫಿ ಕುಡಿಯುತ್ತ ಫೈಲಿನ ಸಾಲು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ರೂಢಿ ಇಟ್ಟುಕೊಂಡಿದ್ದಳು. ಶೀಟು ತೆರೆದರೆ ಕೊನೆಯ ಸಾಲಿನ ನಂಬರ್ ತಾನೇ ಕಾಣುತ್ತದೆ, ಎರಡು ನಿಮಿಷದ ಕೆಲಸ. ಸೋಮವಾರ 1,846, ಮಂಗಳವಾರ 1,846, ಬುಧವಾರ 1,790. ಐವತ್ತಾರು ಸಾಲು ಒಂದೇ ರಾತ್ರಿಯಲ್ಲಿ ಇಲ್ಲ. ಎರಡೂ ಫೈಲು ಹೋಲಿಸಿ ನೋಡಿದರೆ ಕಾಣೆಯಾದವೆಲ್ಲ ಹಿಂದಿನ ದಿನ ಸೊನ್ನೆ ಇದ್ದವು.

ಹಳೆಯ ಮೇಲಿಗೇ ಉತ್ತರವಾಗಿ ಮೂರು ಸಾಲು ಬರೆದಳು: ಅದೇ ಫಿಲ್ಟರ್ ಮತ್ತೆ ಬಿದ್ದಿದೆ, ಎರಡು ಫೈಲು ಜೊತೆಗಿವೆ, ಹಿಂದಿನ ಸಲ ಏನು ಮಾಡಿದ್ದಿರೆಂದು ಕೆಳಗಿದೆ ನೋಡಿ. ಮಧ್ಯಾಹ್ನ ಒಂದರ ಫೈಲಿನಲ್ಲಿ 1,846 ಬಂತು. ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ 1,790ನ್ನು ಹೊಡೆದು ಹಾಕದೆ, ಅದರ ಪಕ್ಕದಲ್ಲೇ ಹೊಸ ಸಂಖ್ಯೆ ಬರೆದಳು. ಆವತ್ತು ಬಂದ ಹದಿನಾಲ್ಕು ಆರ್ಡರ್‌ಗಳಲ್ಲಿ ಒಂದೂ ಕ್ಯಾನ್ಸಲ್ ಆಗಲಿಲ್ಲ.